ಸ್ಟ್ರಿಪ್‌ ಕಣ್ಣಿಗೆ ಬೀಳದ ಪ್ರೋಟೀನ್: ಕಿಡ್ನಿ ಕೆಟ್ಟರೆ ಲೈಟ್ ಚೈನ್ ಟೆಸ್ಟ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 66 ವರ್ಷ. ಪಾವಗಡ ತಾಲ್ಲೂಕು, ಕಡ್ಲೆಕಾಯಿ ಬೆಳೀತೀವಿ. ಅವರಿಗೆ ಶುಗರ್ ಇಲ್ಲ, ಬಿಪಿ ಇಲ್ಲ. ಐದು ತಿಂಗಳಿಂದ ಬೆನ್ನುನೋವು. ಫ್ಲೋರೈಡ್ ನೀರಿನದು ಅಂತ ಎಲ್ಲರೂ ಅಂದರು, ನೋವಿನ ಮಾತ್ರೆ ನುಂಗ್ತಾ ಇದ್ದರು. ಹೋದ ವಾರ ವಾಂತಿ ಶುರುವಾಯಿತು. ಟೆಸ್ಟ್ ಮಾಡಿಸಿದರೆ ಕ್ರಿಯಾಟಿನಿನ್ 5.8. ಮೂತ್ರದಲ್ಲಿ ಪ್ರೋಟೀನ್ ಬರೀ 'ಟ್ರೇಸ್' ಅಂತಿದೆ. ಆದರೂ ತುಮಕೂರಿನ ಡಾಕ್ಟರು ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಫ್ರೀ ಲೈಟ್ ಚೈನ್ ಅಂತ ಬರೆದಿದ್ದಾರೆ. ಅದು ಕ್ಯಾನ್ಸರ್ ಟೆಸ್ಟ್ ಅಂತೆ. ಹೋಗಿರೋದು ಕಿಡ್ನಿ, ಇದು ಯಾಕೆ? ದುಬಾರಿ ಬೇರೆ. ಮಾಡಿಸಲೇಬೇಕಾ?

ಉತ್ತರ: ಮಾಡಿಸಿ. ಇವತ್ತೇ ರಕ್ತ ಕೊಡಲು ಆಗುವುದಾದರೆ ಇವತ್ತೇ ಕೊಡಿ, ನಾಳೆಗೆ ಇಡಬೇಡಿ. ಜೊತೆಗೆ, ಇದನ್ನು ಓದಿದ ತಕ್ಷಣ ಆ ನೋವಿನ ಮಾತ್ರೆಯನ್ನು ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಇಲ್ಲ ಅಂತ ಒಂದು ರಿಪೋರ್ಟ್ ಹೇಳುತ್ತಿದೆ, ಡಾಕ್ಟರು ಮತ್ತೆ ಪ್ರೋಟೀನ್ ಟೆಸ್ಟನ್ನೇ ಬರೆಯುತ್ತಿದ್ದಾರೆ. ಸುಮ್ನೆ ದುಡ್ಡು ಕೀಳಲಿಕ್ಕೆ ಅನ್ನಿಸುವುದು ಸಹಜ. ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ಆ 'ಟ್ರೇಸ್' ಅನ್ನುವ ಪದವೇ ನಿಮ್ಮ ಡಾಕ್ಟರಿಗೆ ಅನುಮಾನ ತಂದಿರಬೇಕು. ನನಗಂತೂ ತಂದಿದೆ. ಯಾಕೆ ಅಂದರೆ, ಎಲ್ಲ ಲ್ಯಾಬುಗಳಲ್ಲೂ ಮೂತ್ರಕ್ಕೆ ಅದ್ದುವ ಆ ಬಣ್ಣದ ಸ್ಟ್ರಿಪ್ ಹೆಚ್ಚುಕಡಿಮೆ ಒಂದೇ ಒಂದು ಪ್ರೋಟೀನನ್ನು ಗುರುತು ಹಿಡಿಯುತ್ತದೆ. ಅದರ ಹೆಸರು ಆಲ್ಬುಮಿನ್. ಆಲ್ಬುಮಿನ್ ಅಂಟಿದರೆ ಸ್ಟ್ರಿಪ್‌ನ ಹಳದಿ ಬಣ್ಣ ಹಸಿರಾಗುತ್ತದೆ. ಬೇರೆ ಪ್ರೋಟೀನ್ ಗ್ರಾಂಗಟ್ಟಲೆ ಹರಿಯುತ್ತಿದ್ದರೂ ಅದು ಹಳದಿಯಾಗಿಯೇ ಕೂತಿರಬಹುದು.

ಆ ಬೇರೆ ಪ್ರೋಟೀನ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ.

ನಮ್ಮ ಮೂಳೆಗಳ ಒಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳು ಅಂತ ಇವೆ. ರೋಗಗಳ ವಿರುದ್ಧ ಹೋರಾಡುವ ಆ್ಯಂಟಿಬಾಡಿ ತಯಾರಿಸುವುದು ಇವುಗಳ ಕೆಲಸ. ಒಂದೊಂದು ಆ್ಯಂಟಿಬಾಡಿಗೂ ಎರಡು ದೊಡ್ಡ ತುಂಡು, ಎರಡು ಸಣ್ಣ ತುಂಡು. ದೊಡ್ಡದು ಹೆವಿ ಚೈನ್, ಸಣ್ಣದು ಲೈಟ್ ಚೈನ್. ಲೈಟ್ ಚೈನ್‌ಗಳಲ್ಲಿ ಎರಡು ಜಾತಿ: ಕಪ್ಪಾ ಮತ್ತು ಲ್ಯಾಂಬ್ಡಾ. ಒಂದು ಪ್ಲಾಸ್ಮಾ ಕಣ ಎರಡರಲ್ಲಿ ಒಂದನ್ನು ಮಾತ್ರ ಮಾಡುತ್ತದೆ. ಕಣಗಳು ಯಾವಾಗಲೂ ಲೈಟ್ ಚೈನನ್ನು ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಮಾಡುತ್ತವೆ. ಮಿಕ್ಕಿದ್ದು ಜೋಡಿಯಿಲ್ಲದೆ ರಕ್ತದಲ್ಲಿ ಅಲೆಯುತ್ತದೆ. ಅದೇ 'ಫ್ರೀ' ಲೈಟ್ ಚೈನ್. ಆರೋಗ್ಯವಂತರಲ್ಲಿ ಇದು ದಿನಕ್ಕೆ ಸುಮಾರು ಅರ್ಧ ಗ್ರಾಂ.

ಈ ಅರ್ಧ ಗ್ರಾಂ ಕಿಡ್ನಿಗೆ ಲೆಕ್ಕವೇ ಅಲ್ಲ. ಲೈಟ್ ಚೈನ್ ಗಾತ್ರದಲ್ಲಿ ಆಲ್ಬುಮಿನ್‌ನ ಮೂರನೇ ಒಂದು ಭಾಗದಷ್ಟು ಇರುತ್ತದೆ. ಹಾಗಾಗಿ ಕಿಡ್ನಿಯ ಜರಡಿಯಲ್ಲಿ ಸುಲಭವಾಗಿ ಇಳಿದುಬಿಡುತ್ತದೆ. ಜರಡಿಯ ಕೆಳಗೆ ಶುರುವಾಗುವ ಸಣ್ಣ ನಾಳದ ಮೊದಲ ಭಾಗ ಅದನ್ನು ಹಿಡಿದು, ಒಳಗೆಳೆದು, ಅರಗಿಸಿಕೊಳ್ಳುತ್ತದೆ. ಮೂತ್ರದವರೆಗೆ ಬರುವುದು ಕೆಲವು ಮಿಲಿಗ್ರಾಂ ಅಷ್ಟೇ.

ಮೈಲೋಮಾ ಅಂದರೆ ಪ್ಲಾಸ್ಮಾ ಕಣಗಳ ಕ್ಯಾನ್ಸರ್. ಒಂದೇ ಕಣದ ಸಂತತಿ ಕಳೆಯ ಹಾಗೆ ಮಜ್ಜೆ ತುಂಬ ಹಬ್ಬುತ್ತದೆ. ಎಲ್ಲವೂ ಒಂದೇ ಜಾತಿಯ ಲೈಟ್ ಚೈನನ್ನು ಸುರಿಯುತ್ತವೆ. ಅರ್ಧ ಗ್ರಾಂ ಇದ್ದದ್ದು ಹತ್ತು ಗ್ರಾಂ ಆಗಬಹುದು, ಇನ್ನೂ ಜಾಸ್ತಿಯೂ ಆಗಬಹುದು. ನಾಳದ ಮೊದಲ ಭಾಗ ಹಿಡಿಯುವಷ್ಟು ಹಿಡಿಯುತ್ತದೆ, ಆಮೇಲೆ ಸೋಲುತ್ತದೆ. ಹಿಡಿಯಲಾಗದೆ ಉಳಿದದ್ದು ನಾಳದಲ್ಲಿ ಕೆಳಕ್ಕೆ ಹರಿಯುತ್ತದೆ. ತೊಂದರೆ ಆಗುವುದು ಅಲ್ಲಿ.

ನಾಳದ ಕೆಳಗಿನ ಭಾಗದಲ್ಲಿ ಕಿಡ್ನಿಯೇ ತಯಾರಿಸುವ ಇನ್ನೊಂದು ಪ್ರೋಟೀನ್ ಇದೆ. ಅದು ಯೂರೋಮಾಡ್ಯುಲಿನ್. ಹಳೆಯ ಹೆಸರು ಟ್ಯಾಮ್-ಹಾರ್ಸ್‌ಫಾಲ್ ಪ್ರೋಟೀನ್, 1950ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದ ಇಬ್ಬರ ಹೆಸರು. ನಿಮ್ಮ ಮೂತ್ರದಲ್ಲೂ ಇದೆ, ನನ್ನದರಲ್ಲೂ ಇದೆ, ಲೋಳೆಯಂಥದ್ದು. ಅದಷ್ಟೇ ಇದ್ದರೆ ಏನೂ ತೊಂದರೆ ಇಲ್ಲ. ಲೈಟ್ ಚೈನ್ ಸಹ ನೀರಿನಂತೆ ಹರಿದು ಹೋಗಬಲ್ಲದು. ಎರಡೂ ಸೇರಿದರೆ ಗಟ್ಟಿಯಾಗುತ್ತದೆ.

ಡ್ರಿಪ್ ಹಾಕಿಸಿದ ರೈತರಿಗೆ ಇದನ್ನು ವಿವರಿಸುವುದು ನನಗೆ ಸುಲಭ. ಕ್ಯಾಲ್ಸಿಯಂ ನೈಟ್ರೇಟ್ ಒಂದು ಬಕೆಟ್‌ನಲ್ಲಿ ಕರಗಿಸಿ, ರಂಜಕದ ಗೊಬ್ಬರ ಇನ್ನೊಂದರಲ್ಲಿ ಕರಗಿಸಿ. ಎರಡೂ ತಿಳಿಯಾಗಿಯೇ ಇರುತ್ತವೆ. ಒಂದೇ ಟ್ಯಾಂಕಿಗೆ ಸುರಿದು ನೋಡಿ, ಬೆಳ್ಳಗೆ ಗಸಿ ಕಟ್ಟುತ್ತದೆ. ಅದು ಲ್ಯಾಟರಲ್ ಪೈಪಿಗೆ ಹೋದರೆ ತೂತುಗಳೆಲ್ಲ ಬಂದ್. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು ಬೇರೆ. ಹಾಗಾಗಿ ರಂಜಕ ಹಾಕಿದ್ದಕ್ಕೇ ಪೈಪ್ ಕಟ್ಟಿಕೊಂಡ ಅನುಭವ ಬಹಳ ಜನಕ್ಕಿದೆ. ಕಿಡ್ನಿಯ ನಾಳದಲ್ಲೂ ಇದೇ ತರಹ. ಲೈಟ್ ಚೈನ್‌ನ ಒಂದು ತುದಿ ಯೂರೋಮಾಡ್ಯುಲಿನ್‌ನ ಒಂದು ನಿರ್ದಿಷ್ಟ ಜಾಗಕ್ಕೆ ಬೀಗಕ್ಕೆ ಕೀಲಿಯಂತೆ ಕೂರುತ್ತದೆ. ಆಮೇಲೆ ಎರಡೂ ಮುದ್ದೆಯಾಗಿ ನಾಳದ ಆಕಾರಕ್ಕೇ ಅಚ್ಚು ಹೊಯ್ದಂತೆ ಗಟ್ಟಿಯಾಗುತ್ತವೆ. ಈ ಅಚ್ಚಿಗೆ ನಾವು ಕಾಸ್ಟ್ ಅನ್ನುತ್ತೇವೆ. ನಾಳ ಕಟ್ಟಿಕೊಂಡ ಮೇಲೆ ಅದರ ಮೇಲಿನ ಜರಡಿಯೂ ಕೆಲಸ ನಿಲ್ಲಿಸುತ್ತದೆ. ಕೆಲವು ಕಡೆ ನಾಳ ಒಡೆದು, ಸುತ್ತಲೂ ಉರಿಯೂತವಾಗಿ, ಕೆಲವೇ ವಾರಗಳಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆ ಬಿದ್ದ ಜಾಗ ಮತ್ತೆ ಚಿಗುರುವುದಿಲ್ಲ. ನಾನು ಇವತ್ತೇ ರಕ್ತ ಕೊಡಿ ಅಂದದ್ದು ಇದಕ್ಕೇ.

ಎಲ್ಲರ ಲೈಟ್ ಚೈನೂ ಹೀಗೆ ಅಂಟುವುದಿಲ್ಲ, ಅದೂ ಗೊತ್ತಿರಲಿ. ಕೆಲವರು ದಿನಕ್ಕೆ ಹಲವು ಗ್ರಾಂ ಹೊರಹಾಕುತ್ತಾ ಕಿಡ್ನಿ ಚೆನ್ನಾಗಿಯೇ ಇಟ್ಟುಕೊಂಡಿರುತ್ತಾರೆ. ಕೆಲವರಿಗೆ ಕಡಿಮೆ ಇದ್ದರೂ ಕಟ್ಟಿಕೊಳ್ಳುತ್ತದೆ. ಅವರವರ ಲೈಟ್ ಚೈನ್‌ನ ತುದಿಯ ರಚನೆ ಬೇರೆ ಬೇರೆ. ಅಂಟುವ ಜಾತಿಯದೇ ಆಗಿದ್ದರೂ, ಯಾವತ್ತು ಅಂಟಬೇಕು ಅನ್ನುವುದನ್ನು ಎಷ್ಟೋ ಸಲ ಹೊರಗಿನ ಒಂದು ಕಾರಣ ತೀರ್ಮಾನಿಸುತ್ತದೆ. ನಮ್ಮ ಊರುಗಳಲ್ಲಿ ಆ ಕಾರಣ ಬಹಳ ಸಲ ನೋವಿನ ಮಾತ್ರೆ.

ಈಗ ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಧುಗಿರಿ ಕಡೆಯ 64 ವರ್ಷದ ಹೆಂಗಸು. ಹುಣಸೆಹಣ್ಣು ಕುಟ್ಟುವ ಕೆಲಸ. ಒಂದು ದಿನ ಮೂಟೆ ಎತ್ತುವಾಗ ಸೊಂಟ ಹಿಡಿಯಿತು. ಮೂರು ವಾರ, ದಿನಕ್ಕೆ ಎರಡು ನೋವಿನ ಮಾತ್ರೆ, ನಡುವೆ ನಾಲ್ಕೈದು ಇಂಜೆಕ್ಷನ್. ಆಮೇಲೆ ಊಟ ಸೇರದಾಯಿತು, ವಾಂತಿ, ಬಾಯಾರಿಕೆ, ಮಲಬದ್ಧತೆ. ನಮ್ಮಲ್ಲಿ ಬಂದಾಗ ಕ್ರಿಯಾಟಿನಿನ್ 6.4, ಹಿಮೋಗ್ಲೋಬಿನ್ 7.8. ಶುಗರ್ ಇಲ್ಲ, ಬಿಪಿ ಸರಿಯಾಗಿದೆ. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಮಾಮೂಲಿ ಗಾತ್ರ, ಎಲ್ಲೂ ಕಲ್ಲಿಲ್ಲ, ಅಡ್ಡಿಯಿಲ್ಲ. ಮೂತ್ರದ ಸ್ಟ್ರಿಪ್: ಪ್ರೋಟೀನ್ ಟ್ರೇಸ್.

ಈ ಚೀಟಿಯಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಕ್ರಿಯಾಟಿನಿನ್ ಅಲ್ಲ, ಕ್ಯಾಲ್ಸಿಯಂ. ಅದು 11.9 ಇತ್ತು. ಕಿಡ್ನಿ ಕೆಟ್ಟರೆ ಕ್ಯಾಲ್ಸಿಯಂ ಸಾಮಾನ್ಯವಾಗಿ ಇಳಿಯುತ್ತದೆ. ಕ್ರಿಯಾಟಿನಿನ್ 6 ದಾಟಿದವರಲ್ಲಿ ನಾನು 8ರ ಆಸುಪಾಸು ನಿರೀಕ್ಷಿಸುತ್ತೇನೆ. ಏರಿದೆ ಅಂದರೆ ಎಲ್ಲಿಂದಲೋ ಸೋರುತ್ತಿದೆ, ಹೆಚ್ಚಾಗಿ ಮೂಳೆಯಿಂದ. ಮೈಲೋಮಾ ಕಣಗಳು ಮೂಳೆಯನ್ನು ಕೊರೆಯುತ್ತವೆ, ಕೊರೆದ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ. ಆ ಬಾಯಾರಿಕೆ, ಮಲಬದ್ಧತೆ ಎರಡೂ ಅದರದ್ದೇ. ಇಲ್ಲಿ ಇನ್ನೊಂದು ಕೆಡುಕೂ ಇದೆ. ಕ್ಯಾಲ್ಸಿಯಂ ಏರಿದರೆ ಕಿಡ್ನಿ ನೀರು ಹಿಡಿದಿಡಲಾಗದೆ ಮೂತ್ರದಲ್ಲಿ ಬಿಟ್ಟುಬಿಡುತ್ತದೆ. ದೇಹ ಒಣಗುತ್ತದೆ. ನಾಳದಲ್ಲಿ ಹರಿವು ಕಮ್ಮಿಯಾಗಿ ಲೈಟ್ ಚೈನ್ ಇನ್ನಷ್ಟು ಮಂದವಾಗುತ್ತದೆ. ಅದರ ಮೇಲೆ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕುಗ್ಗಿಸುತ್ತದೆ. ಪೈಪಿನಲ್ಲಿ ನೀರು ರಭಸವಾಗಿ ಹೋಗುತ್ತಿದ್ದರೆ ಗಸಿಯೂ ಕೊಚ್ಚಿಹೋಗುತ್ತಿತ್ತೇನೋ. ಮೋಟಾರ್ ನಿಲ್ಲಿಸಿದ ಮೇಲೆ ಕೂರದೆ ಏನು ಮಾಡುತ್ತದೆ?

ಮುಂದಿನ ಹೆಜ್ಜೆ ತೀರಾ ಅಗ್ಗದ್ದು. ಅದೇ ಮೂತ್ರದ ಸ್ಯಾಂಪಲ್‌ನಲ್ಲಿ ಎರಡು ಅಳತೆ ಮಾಡಿಸಿದೆವು. ಒಂದು ಒಟ್ಟು ಪ್ರೋಟೀನ್, ಇನ್ನೊಂದು ಆಲ್ಬುಮಿನ್ ಮಾತ್ರ, ಎರಡನ್ನೂ ಕ್ರಿಯಾಟಿನಿನ್‌ಗೆ ಹೋಲಿಸಿ. ಒಟ್ಟು ಪ್ರೋಟೀನಿನ ಅನುಪಾತ 5.2 ಬಂತು, ಅಂದರೆ ಹೆಚ್ಚುಕಡಿಮೆ ದಿನಕ್ಕೆ ಐದು ಗ್ರಾಂ. ಆಲ್ಬುಮಿನ್ ನೋಡಿದರೆ 0.2 ಕೂಡ ಇಲ್ಲ. ಐದು ಗ್ರಾಂ ಹೋಗುತ್ತಿದೆ, ಅದರಲ್ಲಿ ಆಲ್ಬುಮಿನ್ ಕಾಲು ಗ್ರಾಂ ಸಹ ಇಲ್ಲ. ಮಿಕ್ಕಿದ್ದು ಏನು? ಆ ವಯಸ್ಸಿನಲ್ಲಿ, ಆ ಕ್ಯಾಲ್ಸಿಯಂ ಜೊತೆ, ಅದಕ್ಕೆ ಉತ್ತರ ಹೆಚ್ಚುಕಡಿಮೆ ಒಂದೇ. ಹಳೆಯ ಲ್ಯಾಬುಗಳಲ್ಲಿ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ನಾಲ್ಕು ಹನಿ ಬಿಟ್ಟು ನೋಡುತ್ತಿದ್ದರು. ಅದಕ್ಕೆ ಆಲ್ಬುಮಿನ್ ಆದರೂ ಒಂದೇ, ಲೈಟ್ ಚೈನ್ ಆದರೂ ಒಂದೇ, ಎರಡಕ್ಕೂ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಸ್ಟ್ರಿಪ್ ಬಂದ ಮೇಲೆ ಆ ಬಾಟಲಿ ಮೂಲೆ ಸೇರಿತು.

ಈ ವಿಷಯ ಹೊಸದೇನಲ್ಲ. 1845ರಲ್ಲಿ ಲಂಡನ್ನಿನ ಒಬ್ಬ ವ್ಯಾಪಾರಿಗೆ ವಿಪರೀತ ಮೂಳೆನೋವು ಬಂದಿತ್ತು. ಅವರ ಮೂತ್ರವನ್ನು ಇಬ್ಬರು ವೈದ್ಯರು ಹೆನ್ರಿ ಬೆನ್ಸ್ ಜೋನ್ಸ್ ಅನ್ನುವವರಿಗೆ ಕಳಿಸಿದರು. ಬಿಸಿ ಮಾಡಿದರೆ ಕದಡುತ್ತಿತ್ತು, ಕುದಿಸಿದರೆ ಮತ್ತೆ ತಿಳಿಯಾಗುತ್ತಿತ್ತು, ಆರಿದರೆ ಮತ್ತೆ ಕದಡುತ್ತಿತ್ತು. ಆಲ್ಬುಮಿನ್ ಹೀಗೆ ಆಡುವುದಿಲ್ಲ, ಅದು ಬೇಯಿಸಿದ ಮೊಟ್ಟೆಯ ಹಾಗೆ ಗಟ್ಟಿಯಾದರೆ ಮುಗಿಯಿತು. ಅದಕ್ಕೆ ಬೆನ್ಸ್ ಜೋನ್ಸ್ ಪ್ರೋಟೀನ್ ಅಂತ ಹೆಸರಾಯಿತು. ಅದು ಲೈಟ್ ಚೈನೇ ಅಂತ ಗೊತ್ತಾಗಲು 1962ರವರೆಗೆ ಕಾಯಬೇಕಾಯಿತು. ಈಗಲೂ ಕೆಲವು ಲ್ಯಾಬ್ ಪಟ್ಟಿಗಳಲ್ಲಿ ಆ ಹೆಸರು ನೋಡುತ್ತೀರಿ.

ಮತ್ತೆ ಆ ಹೆಂಗಸಿನ ವಿಷಯಕ್ಕೆ ಬರೋಣ. ರಕ್ತದ ಒಟ್ಟು ಪ್ರೋಟೀನ್ 6.3, ಆಲ್ಬುಮಿನ್ 3.4. ಉಳಿದ 2.9 ಗ್ಲೋಬ್ಯುಲಿನ್, ಅಂದರೆ ಆ್ಯಂಟಿಬಾಡಿಗಳೂ ಸೇರಿದ ಭಾಗ, ಮಾಮೂಲಿ. ಮೈಲೋಮಾ ಅಂದರೆ ಗ್ಲೋಬ್ಯುಲಿನ್ 5, 6 ಅಂತ ಏರಿರಬೇಕು ಅಂತ ನಾವು ಓದಿರುತ್ತೇವೆ. ಪೂರ್ತಿ ಆ್ಯಂಟಿಬಾಡಿ ತಯಾರಿಸುವ ಮೈಲೋಮಾದಲ್ಲಿ ಅದು ನಿಜ. ಆದರೆ ಆರೇಳು ಜನರಲ್ಲಿ ಒಬ್ಬರ ಮೈಲೋಮಾ ಬರೀ ಲೈಟ್ ಚೈನ್ ಮಾಡುತ್ತದೆ. ಅದು ಸಣ್ಣದು, ರಕ್ತದಲ್ಲಿ ನಿಲ್ಲುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕಿಡ್ನಿಗೆ ಇಳಿದುಹೋಗುತ್ತದೆ. ಎಲೆಕ್ಟ್ರೋಫೊರೆಸಿಸ್ ಅಂದರೆ ರಕ್ತದ ಪ್ರೋಟೀನುಗಳನ್ನು ಕರೆಂಟಿನಲ್ಲಿ ಓಡಿಸಿ ಸಾಲಾಗಿ ಬಿಡಿಸುವ ಟೆಸ್ಟ್. ಒಂದೇ ಜಾತಿಯ ಪ್ರೋಟೀನ್ ರಾಶಿ ಬಿದ್ದಿದ್ದರೆ ಗೆರೆಯಲ್ಲಿ ಚೂಪಾದ ಶಿಖರ ಕಾಣುತ್ತದೆ. ಅದಕ್ಕೆ ಎಂ ಬ್ಯಾಂಡ್ ಅನ್ನುತ್ತೇವೆ. ಈ ಹೆಂಗಸಿನ ರಿಪೋರ್ಟ್‌ನಲ್ಲಿ 'ಎಂ ಬ್ಯಾಂಡ್ ಕಾಣುವುದಿಲ್ಲ' ಅಂತಿತ್ತು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ರಿಪೋರ್ಟ್ ಬಂದಾಗ 'ಮೈಲೋಮಾ ಇಲ್ಲ' ಅಂತ ಬರೆದು, ನೋವಿನ ಮಾತ್ರೆಯಿಂದ ಆದದ್ದು ಅಂತ ಒಬ್ಬ ಹಿರಿಯರನ್ನು ಮನೆಗೆ ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ತೊಡೆಮೂಳೆ ಮುರಿದುಕೊಂಡು ಬಂದರು. ಅಷ್ಟರಲ್ಲಿ ಕಿಡ್ನಿ ಪೂರ್ತಿ ಹೋಗಿತ್ತು. ಅವರ ಹಳೆಯ ರಿಪೋರ್ಟ್ ತೆಗೆದು ನೋಡಿದರೆ ಗೆರೆಯಲ್ಲಿ ಆ್ಯಂಟಿಬಾಡಿಗಳು ಬಂದು ಕೂರುವ ಗಾಮಾ ಭಾಗ ಬಯಲಿನ ಹಾಗೆ ಚಪ್ಪಟೆ. ಶಿಖರ ಹುಡುಕುತ್ತಿದ್ದವನಿಗೆ ಬಯಲು ಕಾಣಲಿಲ್ಲ. ಒಳ್ಳೆಯ ಪ್ಲಾಸ್ಮಾ ಕಣಗಳನ್ನು ಕ್ಯಾನ್ಸರ್ ಕಣಗಳು ಮೂಲೆಗೆ ತಳ್ಳಿದಾಗ ಮಾಮೂಲಿ ಆ್ಯಂಟಿಬಾಡಿ ಕಮ್ಮಿಯಾಗಿ ಆ ಭಾಗ ತಗ್ಗಿರುತ್ತದೆ. ಅದೂ ಒಂದು ಸುಳಿವೇ. ಅಂದಿನಿಂದ ಎಲೆಕ್ಟ್ರೋಫೊರೆಸಿಸ್ ಒಂದನ್ನೇ ನಂಬಿ ನಾನು ಫೈಲ್ ಮುಚ್ಚುವುದಿಲ್ಲ.

ಅದಕ್ಕೇ ಎರಡನೇ ಟೆಸ್ಟ್: ಫ್ರೀ ಲೈಟ್ ಚೈನ್. ಇದು ರಕ್ತದಲ್ಲಿ ಜೋಡಿಯಿಲ್ಲದೆ ಅಲೆಯುವ ಕಪ್ಪಾ ಎಷ್ಟು, ಲ್ಯಾಂಬ್ಡಾ ಎಷ್ಟು ಅಂತ ಬೇರೆ ಬೇರೆ ಅಳೆಯುತ್ತದೆ. ಈ ಹೆಂಗಸಿಗೆ ಕಪ್ಪಾ ಲೀಟರಿಗೆ 12 ಮಿಲಿಗ್ರಾಂ, ಲ್ಯಾಂಬ್ಡಾ 3,600. ಆರೋಗ್ಯವಂತರಲ್ಲಿ ಲ್ಯಾಂಬ್ಡಾ ಸುಮಾರು 26 ದಾಟುವುದಿಲ್ಲ. ಅಲ್ಲಿಗೆ ಅನುಮಾನ ಮುಗಿಯಿತು. ಮಜ್ಜೆಯ ಪರೀಕ್ಷೆಯಲ್ಲಿ ನೂರಕ್ಕೆ 45 ಪ್ಲಾಸ್ಮಾ ಕಣಗಳು ಕಂಡವು.

ನಿಮ್ಮ ತಂದೆಯವರ ರಿಪೋರ್ಟ್ ಬಂದಾಗ ನೀವು ಮೊಬೈಲ್‌ನಲ್ಲಿ ನೋಡಿ ಹೆದರಬಾರದು ಅಂತ ಒಂದು ಮಾತು. ಕಿಡ್ನಿ ಕೆಟ್ಟವರಲ್ಲಿ, ಮೈಲೋಮಾ ಇಲ್ಲದಿದ್ದರೂ, ಕಪ್ಪಾ ಲ್ಯಾಂಬ್ಡಾ ಎರಡೂ ಏರುತ್ತವೆ. ಹೊರಹಾಕುವ ದಾರಿಯೇ ಕಿಡ್ನಿ ಅಲ್ವಾ? ಲ್ಯಾಬ್ ಎರಡರ ಪಕ್ಕದಲ್ಲೂ ಕೆಂಪು ಗುರುತು ಹಾಕಿ ಕಳಿಸುತ್ತದೆ. ನೋಡಬೇಕಾದ್ದು ಕಪ್ಪಾವನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಬರುವ ಅನುಪಾತ. ಸಾಮಾನ್ಯವಾಗಿ ಅದು 0.26ರಿಂದ 1.65. ಕಿಡ್ನಿ ಕೆಟ್ಟಾಗ ಕಪ್ಪಾ ಸ್ವಲ್ಪ ಜಾಸ್ತಿ ಉಳಿದುಕೊಳ್ಳುವುದರಿಂದ 0.37ರಿಂದ 3.1ರವರೆಗೆ ಒಪ್ಪುತ್ತೇವೆ. ಉದಾಹರಣೆಗೆ ಕಪ್ಪಾ 95, ಲ್ಯಾಂಬ್ಡಾ 48 ಬಂತು ಅನ್ನಿ. ಎರಡೂ ಜಾಸ್ತಿ, ಅನುಪಾತ 2ರ ಹತ್ತಿರ. ಇದು ಕಿಡ್ನಿ ಕೆಟ್ಟಿರುವುದರ ಗುರುತು, ಮೈಲೋಮಾದ್ದಲ್ಲ. ಮೈಲೋಮಾದಿಂದ ನಾಳ ಕಟ್ಟಿಕೊಂಡಿದ್ದರೆ ಒಂದು ಜಾತಿ ಸಾಮಾನ್ಯವಾಗಿ 500 ದಾಟಿರುತ್ತದೆ, ಬಹಳ ಸಲ ಸಾವಿರಗಳಲ್ಲಿರುತ್ತದೆ, ಇನ್ನೊಂದು ತಳ ಹಿಡಿದಿರುತ್ತದೆ. ನಡುವಿನ ಅಂಕಿ ಬಂದರೆ ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆದು ನೋಡಬೇಕಾಗುತ್ತದೆ. ಬಿರುಕು ಬಿಟ್ಟ ಗಾಜಿನಂಥ ಕಾಸ್ಟ್‌ಗಳು, ಅವುಗಳ ಸುತ್ತ ಮುತ್ತಿಗೆ ಹಾಕಿದ ದೊಡ್ಡ ಕಣಗಳು ಕಂಡರೆ ಇನ್ನು ಅನುಮಾನವಿಲ್ಲ. ಮೂತ್ರದಲ್ಲಿ ಆಲ್ಬುಮಿನ್ನೇ ಜಾಸ್ತಿ ಹೋಗುತ್ತಿದ್ದರೂ ಬಯಾಪ್ಸಿ ಬೇಕು. ಲೈಟ್ ಚೈನ್ ಜರಡಿಯಲ್ಲೇ ಕೂತು ಮಾಡುವ ಬೇರೆ ಕಾಯಿಲೆಗಳಿವೆ, ಅದು ಬೇರೆಯೇ ಕಥೆ.

ಈಗ ಫ್ಲೋರೈಡ್ ವಿಷಯ. ಪಾವಗಡ, ಬಾಗೇಪಲ್ಲಿ ಕಡೆ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ, ಅದರಿಂದ ಬೆನ್ನು, ಕೀಲು ಹಿಡಿಯುವುದೂ ನಿಜ. ಅದಕ್ಕೇ ಭಯ. ಊರಲ್ಲಿ ಎಲ್ಲರಿಗೂ ಬೆನ್ನುನೋವು ಇರುವಾಗ ಒಬ್ಬರ ಬೆನ್ನುನೋವು ಬೇರೆ ಅಂತ ಯಾರಿಗೆ ಹೊಳೆಯುತ್ತದೆ? ಎಕ್ಸ್‌ರೇಯಲ್ಲಿ ಎರಡೂ ಒಂದಕ್ಕೊಂದು ತದ್ವಿರುದ್ಧ. ಫ್ಲೋರೈಡ್‌ನ ಬೆನ್ನುಮೂಳೆ ಸುಣ್ಣ ಬಳಿದಂತೆ ಬೆಳ್ಳಗೆ, ದಪ್ಪಗೆ ಕಾಣುತ್ತದೆ. ಮೈಲೋಮಾದ್ದು ತೆಳುವಾಗಿ, ಕುಸಿದು, ತಲೆಬುರುಡೆ ತೊಡೆಮೂಳೆಗಳಲ್ಲಿ ಹುಳು ತಿಂದಂತೆ ತೂತು ತೂತಾಗಿ ಕಾಣುತ್ತದೆ. ಫ್ಲೋರೈಡ್ ನೋವು ವರ್ಷಗಟ್ಟಲೆ ಎಳೆಯುತ್ತದೆ, ಬಿಗಿತ ಜಾಸ್ತಿ. ಐದು ತಿಂಗಳಲ್ಲಿ ಶುರುವಾಗಿ, ಜೋರಾಗುತ್ತಾ ಹೋಗಿ, ಜೊತೆಗೆ ರಕ್ತ ಕಮ್ಮಿಯಾಗಿ ಕಿಡ್ನಿಯೂ ಕೆಟ್ಟರೆ ಅದನ್ನು ನೀರಿನ ಲೆಕ್ಕಕ್ಕೆ ಬರೆಯುವುದು ತಪ್ಪು. ಒಬ್ಬರಿಗೇ ಎರಡೂ ಇರಬಹುದು. ಮತ್ತೆ, ಎಕ್ಸ್‌ರೇ ಚೆನ್ನಾಗಿದೆ ಅಂದರೆ ಮೈಲೋಮಾ ಇಲ್ಲ ಅಂತಲೂ ಅಲ್ಲ. ಮೂಳೆಯ ಮೂರನೇ ಒಂದು ಭಾಗವಾದರೂ ಕರಗದೆ ಎಕ್ಸ್‌ರೇಗೆ ಸರಿಯಾಗಿ ಕಾಣುವುದಿಲ್ಲ.

ಆ ಹೆಂಗಸಿಗೆ ಏನು ಮಾಡಿದೆವು ಅಂದರೆ, ಮೊದಲ ದಿನವೇ ನೋವಿನ ಮಾತ್ರೆ ಬಂದ್, ಡ್ರಿಪ್ ಶುರು, ದಿನಕ್ಕೆ ಎರಡೂವರೆ ಮೂರು ಲೀಟರ್ ಮೂತ್ರ ಬರುವ ಗುರಿ. ಮೂತ್ರ ಜಾಸ್ತಿ ಮಾಡುವ ಫ್ಯೂರೋಸೆಮೈಡ್ ಇಂಜೆಕ್ಷನ್ ಚುಚ್ಚಿಬಿಡೋಣ ಅನ್ನುವ ಆಸೆ ಇಂಥ ಕಡೆ ಬರುತ್ತದೆ. ಮೈಯಲ್ಲಿ ನೀರು ತುಂಬಿಕೊಂಡಿರದಿದ್ದರೆ ಅದು ಬೇಡ. ಅದು ನಾಳದ ಕೆಳಭಾಗಕ್ಕೆ ಉಪ್ಪನ್ನು ಕಳಿಸುತ್ತದೆ, ಉಪ್ಪು ಜಾಸ್ತಿಯಾದಷ್ಟೂ ಆ ಎರಡು ಪ್ರೋಟೀನುಗಳು ಚೆನ್ನಾಗಿ ಅಂಟುತ್ತವೆ. ಕ್ಯಾಲ್ಸಿಯಂ ಇಳಿಸಲು ಕ್ಯಾಲ್ಸಿಟೋನಿನ್ ಕೊಟ್ಟೆವು. ಮೂಳೆಗೆ ಕೊಡುವ ಮಾಮೂಲಿ ಜೋಲೆಡ್ರೋನಿಕ್ ಆಸಿಡ್ ಕಿಡ್ನಿ ಇಷ್ಟು ಕೆಟ್ಟಿರುವಾಗ ಬೇಡ. ಲೈಟ್ ಚೈನ್ ರಿಪೋರ್ಟ್ ಬಂದ ದಿನವೇ ಮಜ್ಜೆಯ ಸ್ಯಾಂಪಲ್ ತೆಗೆದು ಡೆಕ್ಸಾಮೆಥಾಸೋನ್ ಶುರು ಮಾಡಿದೆವು. ನಾಲ್ಕನೇ ದಿನ ಬೆಂಗಳೂರಿನಲ್ಲಿ ರಕ್ತದ ಕ್ಯಾನ್ಸರ್ ತಜ್ಞರು ಬೋರ್ಟೆಜೊಮಿಬ್ ಶುರು ಮಾಡಿದರು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಅದು. ಅದರ ದೊಡ್ಡ ಅನುಕೂಲ ಅಂದರೆ ಕಿಡ್ನಿ ಕೆಟ್ಟಿದೆ ಅಂತ ಡೋಸ್ ಇಳಿಸಬೇಕಿಲ್ಲ. ಸರ್ಪಸುತ್ತು ಬರದಂತೆ ಜೊತೆಗೊಂದು ಮಾತ್ರೆ.

ಐದು ಸಲ ಡಯಾಲಿಸಿಸ್ ಮಾಡಬೇಕಾಯಿತು. ಡಯಾಲಿಸಿಸ್ ಈ ಲೈಟ್ ಚೈನನ್ನು ತೆಗೆಯುವುದಿಲ್ಲವೇ ಅಂತ ಅವರ ಮಗ ಕೇಳಿದ್ದರು. ಮಾಮೂಲಿ ಫಿಲ್ಟರಿನಲ್ಲಿ ಹೋಗುವುದು ಲೆಕ್ಕಕ್ಕಿಲ್ಲದಷ್ಟು. ದೊಡ್ಡ ರಂಧ್ರದ ಫಿಲ್ಟರ್ ಹಾಕಿ ಯೂರೋಪಿನಲ್ಲಿ ಎರಡು ದೊಡ್ಡ ಪ್ರಯೋಗ ಮಾಡಿದರು, ಜನ ಡಯಾಲಿಸಿಸ್‌ನಿಂದ ಬೇಗ ಹೊರಬಂದರು ಅಂತ ಖಚಿತವಾಗಿ ತೋರಿಸಲಾಗಲಿಲ್ಲ. ಗೇಟ್‌ವಾಲ್ವ್ ತೆರೆದಿಟ್ಟು ಗದ್ದೆಯ ನೀರು ಮೊಗೆದ ಹಾಗೆ. ಮೊದಲು ವಾಲ್ವ್ ಮುಚ್ಚಬೇಕು, ಅದು ಬೋರ್ಟೆಜೊಮಿಬ್‌ನ ಕೆಲಸ. ಮುಚ್ಚಿದೆಯೋ ಇಲ್ಲವೋ ಅಂತ ಮೂರು ವಾರಕ್ಕೆ ಲೈಟ್ ಚೈನ್ ಮತ್ತೆ ಅಳೆದರೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಚೆನ್ನಾಗಿ ಇಳಿದಿದ್ದರೆ ಕಿಡ್ನಿ ವಾಪಸ್ ಬರುವ ಸಾಧ್ಯತೆ ಒಳ್ಳೆಯದು. ಇವರದ್ದು 3,600ರಿಂದ 1,000ಕ್ಕೆ ಇಳಿದಿತ್ತು. ಡಯಾಲಿಸಿಸ್ ನಿಂತಿತು. ಎರಡೂವರೆ ತಿಂಗಳಿಗೆ ಕ್ರಿಯಾಟಿನಿನ್ 1.9. ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ, ಮೈಲೋಮಾ ಬೇರುಸಹಿತ ಹೋಗುವ ಕಾಯಿಲೆಯೂ ಅಲ್ಲ, ಚಿಕಿತ್ಸೆ ಮುಂದುವರಿದಿದೆ. ಆದರೆ ವಾರಕ್ಕೆ ಮೂರು ದಿನ ಮಷೀನಿಗೆ ಕೈ ಕೊಟ್ಟು ಮಲಗುವುದು ತಪ್ಪಿತು.

ನಿಮ್ಮ ತಂದೆಯವರಿಗೆ ಮೈಲೋಮಾ ಇದೆ ಅಂತ ನಾನು ಹೇಳುತ್ತಿಲ್ಲ. ಐದು ತಿಂಗಳ ನೋವಿನ ಮಾತ್ರೆಯೊಂದೇ ಇಷ್ಟು ಮಾಡಬಲ್ಲದು. ಆ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಅಡ್ಡಿಯೂ ಇರಬಹುದು, ಅದು ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗುತ್ತದೆ. ಆದರೆ 66 ವರ್ಷ, ಶುಗರ್ ಬಿಪಿ ಇಲ್ಲದೆ ಕೆಟ್ಟ ಕಿಡ್ನಿ, ಮೂಳೆನೋವು, ಸ್ಟ್ರಿಪ್‌ನಲ್ಲಿ ಟ್ರೇಸ್: ಇಷ್ಟು ಸೇರಿದ ಮೇಲೆ ಹುಡುಕದೆ ಬಿಡುವ ಹಾಗಿಲ್ಲ. ಹುಡುಕಿ ಸಿಗದಿದ್ದರೆ ಹೋಗುವುದು ಸ್ವಲ್ಪ ದುಡ್ಡು. ಹುಡುಕದೆ ಇದ್ದು ಅದೇ ಆಗಿದ್ದರೆ ಹೋಗುವುದು ಕಿಡ್ನಿ, ಮತ್ತೆ ಎಷ್ಟೇ ದುಡ್ಡು ಸುರಿದರೂ ಬಾರದು.

ದುಡ್ಡು ಒಟ್ಟಿಗೆ ಹೊಂದುವುದಿಲ್ಲ ಅಂದರೆ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಮೂತ್ರದ ಒಟ್ಟು ಪ್ರೋಟೀನ್ ಮತ್ತು ಆಲ್ಬುಮಿನ್ ಅನುಪಾತ, ರಕ್ತದ ಕ್ಯಾಲ್ಸಿಯಂ, ಹಿಮೋಗ್ಲೋಬಿನ್, ಇವು ಕಡಿಮೆ ಖರ್ಚಿನವು, ಸಂಜೆಯೊಳಗೆ ಬರುತ್ತವೆ. ಎರಡು ದುಬಾರಿ ಟೆಸ್ಟುಗಳಲ್ಲಿ ಒಂದನ್ನೇ ಮೊದಲು ಕಳಿಸುವ ಸ್ಥಿತಿ ಬಂದರೆ, ನಿಮ್ಮ ತಂದೆಯಂಥವರಿಗೆ ನಾನು ಫ್ರೀ ಲೈಟ್ ಚೈನ್ ಕಳಿಸುತ್ತೇನೆ. ಎರಡೂ ಸೇರಿದರೆ ತಪ್ಪಿಸಿಕೊಳ್ಳುವುದು ಬಹಳ ಅಪರೂಪ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೊಳ್ಳಿ, ಮುಂದೆ ಚಿಕಿತ್ಸೆಗೆ ಕಿದ್ವಾಯಿಯಂಥ ಕಡೆ ಹೋಗಬೇಕಾದರೆ ಮೊದಲು ಕೇಳುವುದೇ ಅದನ್ನು.

ರಿಪೋರ್ಟ್ ಬರುವವರೆಗೆ ನೋವು ತಡೆಯಲಾಗದಿದ್ದರೆ ಬರೀ ಪ್ಯಾರಾಸಿಟಮಾಲ್ ಕೊಡಿ. ಮಾತ್ರೆಯ ಹಿಂದಿನ ಸಣ್ಣ ಅಕ್ಷರ ಓದಿ ಕೊಡಿ. ಅಂಗಡಿಯಲ್ಲಿ 'ಪ್ಯಾರಾಸಿಟಮಾಲೇ' ಅಂತ ಕೊಡುವ ಎಷ್ಟೋ ಪಟ್ಟಿಗಳಲ್ಲಿ ಜೊತೆಗೆ ಅಸಿಕ್ಲೋಫೆನಾಕ್ ಸೇರಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಎಟೋರಿಕಾಕ್ಸಿಬ್ ಯಾವುದೂ ಬೇಡ, ನೋವಿನ ಇಂಜೆಕ್ಷನ್ ಬೇಡ. ಬೆನ್ನಿಗೆ ಸಿಟಿ ಸ್ಕ್ಯಾನ್ ಅಂದರೆ ಕ್ರಿಯಾಟಿನಿನ್ 5.8 ಇದೆ ಅಂತ ಮೊದಲೇ ಹೇಳಿ, ಬಣ್ಣದ ಔಷಧಿ ಚುಚ್ಚದೆ ಮಾಡಲು ಆಗುತ್ತದೆ. ಮೂತ್ರ ಚೆನ್ನಾಗಿ ಹೋಗುತ್ತಿದ್ದು ಕಾಲು ಊದಿಲ್ಲದಿದ್ದರೆ ನೀರು ಧಾರಾಳವಾಗಿ ಕುಡಿಯಲಿ. ಮೂತ್ರ ಕಮ್ಮಿಯಾಗಿದ್ದರೆ, ಮುಖ ಕಾಲು ಊದಿದ್ದರೆ, ಉಸಿರು ಕಟ್ಟಿದರೆ, ಅಥವಾ ವಾಂತಿಯಿಂದ ನೀರೂ ನಿಲ್ಲದಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅಡ್ಮಿಟ್ ಮಾಡಿಸಿ. ಕಾಲಿಗೆ ಬಲ ಇಲ್ಲ, ಜೋಮು ಹಿಡಿಯಿತು, ಮೂತ್ರ ಕಟ್ಟಿತು ಅಂದರೆ ಅದು ಬೆನ್ನುಮೂಳೆ ಕುಸಿದು ನರ ಒತ್ತುತ್ತಿರುವ ಗುರುತಾಗಿರಬಹುದು, ರಾತ್ರಿಯಾದರೂ ಹೊರಡಿ.

ಮತ್ತೆ ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಬೆನ್ನಿನ ಎಕ್ಸ್‌ರೇ ಇದ್ದರೆ ಅದರ ಫಿಲ್ಮನ್ನೇ ತೆಗೆದುಕೊಂಡು ಹೋಗಿ, ಚೀಟಿಯನ್ನಷ್ಟೇ ಅಲ್ಲ. ಇಷ್ಟು ದಿನ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳು ಬೀರುವಿನಲ್ಲೋ ದಿಂಬಿನ ಕೆಳಗೋ ಸಿಕ್ಕೇ ಸಿಗುತ್ತವೆ. ಅವನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ.